ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ: ಓದಿಯೂ ಸುಮ್ಮನಾದನಾ?

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವನು. ನನ್ನ ಗೆಳೆಯ ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ಅಪ್ಪಾಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಸಂಜೆ ಬೈಕ್ ಕೊಡ್ತೀಯಾ ಅಂತ ಮಧ್ಯಾಹ್ನ 1.40ಕ್ಕೆ ವಾಟ್ಸಾಪ್ ಮಾಡಿದೆ. ತಕ್ಷಣ ನೀಲಿ ಟಿಕ್ ಬಂತು. ಉತ್ತರ ಇಲ್ಲ. 1.55ಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್. ಆದರೆ ಲಾಸ್ಟ್ ಸೀನ್ 1.52 ಅಂತ ತೋರಿಸ್ತಿತ್ತು. ಬೇಕಂತಲೇ ಆಫ್ ಮಾಡಿಕೊಂಡ ಅನ್ನಿಸಿ, ಬೆಂಚಿನ ಮೇಲೆ ಕಾದು ಕಾದು ಅಸ್ಥಿಪಂಜರ ಆದವನ ಮೀಮ್ ಸ್ಟೇಟಸ್‌ಗೆ ಹಾಕಿದೆ. ರಾತ್ರಿ ಅದನ್ನು ನೋಡಿ ನಗುವ ಇಮೋಜಿ ಕಳಿಸಿದ್ದಾನೆ! ಓದಿಯೂ ಹೀಗೆ ಮಾಡಿದ್ದಾನೆ ಅಂದರೆ ಇನ್ನು ಅವನ ಜೊತೆ ಮಾತಾಡಬೇಕಾ? ನೀಲಿ ಟಿಕ್ ತೆಗೆದುಬಿಡಲಾ?

ಉತ್ತರ: ಮಾತಾಡಿ. ಅವನು ನಿಮ್ಮ ಮೆಸೇಜ್ ನೋಡೇ ಇಲ್ಲ ಅನ್ನುವ ಸಾಧ್ಯತೆ ಜಾಸ್ತಿ ಇದೆ. ಯಾಕೆ ಅಂತ ಹೇಳ್ತೀನಿ.

ಮೊದಲು ಟಿಕ್‌ಗಳ ವಿಷಯ. ಮೆಸೇಜ್ ಪಕ್ಕ ಗಡಿಯಾರ ಇದ್ದರೆ ಅದು ಇನ್ನೂ ನಿಮ್ಮ ಫೋನ್ ಬಿಟ್ಟು ಹೋಗಿಲ್ಲ. ಒಂದು ಬೂದು ಟಿಕ್ ಅಂದರೆ ವಾಟ್ಸಾಪ್ ಸರ್ವರ್‌ಗೆ ಮುಟ್ಟಿದೆ. ಎರಡು ಬೂದು ಟಿಕ್ ಅಂದರೆ ಅವರ ಫೋನಿಗೆ, ಇಲ್ಲವೇ ಅವರ ನಂಬರ್ ಜೋಡಿಸಿರುವ ಇನ್ಯಾವುದೋ ಸಾಧನಕ್ಕೆ ತಲುಪಿದೆ. ನೀಲಿ ಆದರೆ ಅವುಗಳಲ್ಲಿ ಯಾವುದೋ ಒಂದರ ಪರದೆ ಮೇಲೆ ನಿಮ್ಮ ಚಾಟ್ ತೆರೆದಿತ್ತು. ಅಷ್ಟೇ. ಪರದೆ ಮುಂದೆ ಯಾರು ಕೂತಿದ್ದರು, ಓದಿದರಾ ಇಲ್ಲವಾ ಅನ್ನೋದು ವಾಟ್ಸಾಪ್‌ಗೆ ಗೊತ್ತಾಗಲ್ಲ.

‘ಇನ್ಯಾವುದೋ ಸಾಧನ’ ಅಂದೆನಲ್ಲ, ನಿಮ್ಮ ಗಂಟು ಇರೋದು ಅಲ್ಲೇ. ಒಂದು ವಾಟ್ಸಾಪ್ ನಂಬರನ್ನು ಫೋನ್ ಅಲ್ಲದೆ ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು. ಕಂಪ್ಯೂಟರ್‌ನಲ್ಲಿ ಬಳಸುವ ವಾಟ್ಸಾಪ್ ವೆಬ್ ಹಾಗೆ ಜೋಡಿಸಿದ್ದೇ. ಮೊದಲೆಲ್ಲ ಫೋನ್ ಆಫ್ ಆದರೆ ಕಂಪ್ಯೂಟರ್‌ನಲ್ಲೂ ನಿಂತುಹೋಗ್ತಿತ್ತು. ಈಗ ಹಾಗಿಲ್ಲ. ಫೋನ್ ಆಫ್ ಆಗಿದ್ದರೂ ಕಂಪ್ಯೂಟರ್‌ನಲ್ಲಿ ಅದರ ಪಾಡಿಗೆ ಅದು ನಡೀತಾ ಇರುತ್ತೆ. ಫೋನನ್ನೇ 14 ದಿನ ಮುಟ್ಟದಿದ್ದರೆ ಮಾತ್ರ ಅವು ತಾವಾಗಿಯೇ ಲಾಗೌಟ್ ಆಗ್ತವೆ.

ಹಾಗಾಗಿ ನಿಮ್ಮ ಪ್ರಶ್ನೆ ಬಂದ ಮೇಲೆ ನಿಮಗೆ ಎರಡು ವಿಷಯ ನೋಡಲು ಹೇಳಿದ್ದೆ. ಒಂದು ನಿಮ್ಮ ಫೋನಿನಲ್ಲೇ ಸಿಗುತ್ತೆ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು, ಮೆನುವಿನಲ್ಲಿ Info ಅಂತ ಇರೋದನ್ನು ಮುಟ್ಟಿದರೆ Delivered, Read ಅಂತ ಎರಡು ಸಮಯ ಕಾಣಿಸ್ತವೆ. ನಿಮ್ಮದರಲ್ಲಿ ಎರಡೂ 1.40 ಇತ್ತು. ತಲುಪಿದ ನಿಮಿಷದಲ್ಲೇ ಓದಿದ ಗುರುತು ಬಿದ್ದಿದೆ. ಅಂದರೆ ಮೆಸೇಜ್ ಬರುವ ಹೊತ್ತಿಗೆ ಆ ಚಾಟ್ ಎಲ್ಲೋ ತೆರೆದೇ ಇತ್ತು, ಇಲ್ಲವೇ ಕೈಯಲ್ಲೇ ಫೋನ್ ಇದ್ದು ತಕ್ಷಣ ತೆರೆದರು. ಒಬ್ಬ ಮನುಷ್ಯ ಜೇಬಿನಿಂದ ಫೋನ್ ತೆಗೆದು ನೋಡಿದ್ದರೆ ಸಾಮಾನ್ಯವಾಗಿ ಈ ಎರಡರ ನಡುವೆ ಸ್ವಲ್ಪವಾದರೂ ಅಂತರ ಇರುತ್ತೆ.

ಎರಡನೆಯದು ಗೆಳೆಯನ ಫೋನಿನಲ್ಲಿ. ವಾಟ್ಸಾಪ್ ಮೆನುವಿನಲ್ಲಿ Linked devices ತೆರೆದರೆ ಅವನ ನಂಬರ್ ಎಲ್ಲೆಲ್ಲಿ ಜೋಡಣೆ ಆಗಿದೆ, ಕೊನೆಗೆ ಯಾವಾಗ ಬಳಕೆ ಆಯ್ತು ಅನ್ನೋದು ಬರುತ್ತೆ. ಅವನ ಅಣ್ಣನ ಮೂಲಕ ನೀವು ಇದನ್ನು ಕೇಳಿಸಿದಿರಿ. ಒಂದು ಕಂಪ್ಯೂಟರ್ ಬ್ರೌಸರ್ ಸಿಕ್ಕಿತು. ಅದು ಅಂಗಡಿ ಗಲ್ಲಾಪೆಟ್ಟಿಗೆ ಪಕ್ಕದ ಕಂಪ್ಯೂಟರ್. ಗಿರಾಕಿಗಳಿಗೆ ಸೀರೆ ಫೋಟೋ, ಬಿಲ್ಲು ಕಳಿಸೋಕೆ ಅಂತ ತನ್ನ ಸ್ವಂತ ನಂಬರನ್ನೇ ಅಲ್ಲಿ ಜೋಡಿಸಿದ್ದನಂತೆ. ಬೆಳಿಗ್ಗೆ ನಿಮಗೇ ಏನೋ ಒಂದು ಫೋಟೋ ಅಲ್ಲಿಂದ ಕಳಿಸಿದ್ದ. ನಿಮ್ಮ ಚಾಟ್ ಹಾಗೇ ತೆರೆದಿತ್ತು.

ಈಗ ಆ ಮಧ್ಯಾಹ್ನವನ್ನು ಮತ್ತೆ ನೋಡಿ. ಒಂದೂವರೆಗೆ ಅವನ ಫೋನ್ ಚಾರ್ಜ್ ಮುಗಿದು ಆಫ್ ಆಗಿದೆ. ಊಟಕ್ಕೆ ಹೋಗಿದ್ದಾನೆ. 1.40ಕ್ಕೆ ನಿಮ್ಮ ಮೆಸೇಜ್ ಕಂಪ್ಯೂಟರ್‌ಗೆ ಬಂದಿದೆ. ವಾಟ್ಸಾಪ್ ಪರದೆ ಮುಂದೆಯೇ ಇದ್ದಿದ್ದರಿಂದ ಕೂಡಲೇ ನೀಲಿ ಆಗಿದೆ. ಅಂಗಡಿಯಲ್ಲಿದ್ದ ಇನ್ನೊಬ್ಬ ಹುಡುಗ ಅದರಲ್ಲೇ ಒಂದು ಬಿಲ್ಲು ಕಳಿಸಿದ್ದಾನೆ. ಲಾಸ್ಟ್ ಸೀನ್ 1.52 ಬಂದಿದ್ದು ಅದರಿಂದ.

ಇದರಲ್ಲಿ ಜನರಿಗೆ ಗೊತ್ತಿಲ್ಲದ ಮುಖ್ಯ ಸಂಗತಿ ಇನ್ನೊಂದಿದೆ. ಒಂದು ಕಡೆ ಓದಿದ್ದು ಅಂತ ಗುರುತಾದರೆ ಎಲ್ಲಾ ಕಡೆ ಓದಿದ್ದು ಅಂತಲೇ ಆಗುತ್ತೆ. ಸಂಜೆ ಅವನು ಮನೆಗೆ ಬಂದು ಫೋನ್ ಚಾರ್ಜಿಗೆ ಹಾಕಿ ಆನ್ ಮಾಡಿದಾಗ ನಿಮ್ಮ ಹೆಸರಿನ ಮುಂದೆ ಹೊಸ ಮೆಸೇಜ್‌ನ ಹಸಿರು ಅಂಕಿ ಇಲ್ಲ. ನೋಟಿಫಿಕೇಶನ್ ಇಲ್ಲ. ಅಷ್ಟರಲ್ಲಿ ಗ್ರೂಪ್‌ಗಳಿಂದ ಹತ್ತಾರು ಮೆಸೇಜ್ ಬಂದು ನಿಮ್ಮ ಚಾಟ್ ಕೆಳಗೆ ಜಾರಿದೆ. ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನಿಮ್ಮ ಸ್ಟೇಟಸ್ ನೋಡಿದ, ಮೀಮ್ ಚೆನ್ನಾಗಿದೆ ಅಂತ ನಕ್ಕ. ಅದು ತನಗೇ ಹಾಕಿದ್ದು ಅಂತ ಅವನಿಗೆ ಹೊಳೆಯೋದಾದರೂ ಹೇಗೆ?

ಮೀಮ್ ವಿಷಯದಲ್ಲಿ ನನಗೆ ಹೇಳಲೇಬೇಕಾದ ಮಾತಿದೆ. ನೀಲಿ ಟಿಕ್ ಬಂದಿದ್ದು 2014ರ ನವೆಂಬರ್‌ನಲ್ಲಿ. ಅಲ್ಲಿಂದ ಈಚೆಗೆ ‘ನೋಡಿಯೂ ರಿಪ್ಲೈ ಮಾಡಲಿಲ್ಲ’ ಅನ್ನೋದರ ಮೇಲೆ ಮೀಮ್‌ಗಳು ಹುಟ್ಟುತ್ತಲೇ ಇವೆ. ಬೆಂಚಿನ ಮೇಲಿನ ಅಸ್ಥಿಪಂಜರ ಹಳೆಯದು, ಇನ್ನೂ ಓಡ್ತಿದೆ. ನಮ್ಮ ಟ್ರೋಲ್ ಪೇಜ್‌ಗಳಲ್ಲಿ ಸಿನಿಮಾದ ಒಂದು ಅಳುಮುಖದ ಫೋಟೋ ಹಾಕಿ ‘ಆನ್‌ಲೈನ್ ಇದ್ದಾಳೆ, ಆದ್ರೆ ನಂಗಲ್ಲ’ ಅನ್ನುವಂಥ ಸಾಲು ಬರೀತಾರೆ. ಇವನ್ನು ಗೆಳೆಯರು ತಮ್ಮತಮ್ಮಲ್ಲಿ ಕಳಿಸಿಕೊಳ್ಳೋದು ಚೆಂದ. ಕಾಯುವವರ ಸಂಕಟ ಎಲ್ಲರಿಗೂ ಒಂದೇ, ಅದನ್ನು ಹಂಚಿಕೊಂಡರೆ ಹಗುರಾಗುತ್ತೆ.

ಆದರೆ ಈ ಮೀಮ್‌ಗಳೆಲ್ಲ ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಶುರುವಾಗ್ತವೆ: ಆ ಕಡೆಯವರು ಓದಿದ್ದಾರೆ, ಬೇಕಂತಲೇ ಸುಮ್ಮನಿದ್ದಾರೆ. ಚಿತ್ರದಲ್ಲಿ ಆ ಕಡೆಯವರು ಯಾವತ್ತೂ ಇರೋದಿಲ್ಲ. ಅವರ ಫೋನ್ ಮಗುವಿನ ಕೈಯಲ್ಲಿತ್ತಾ, ಬಸ್ಸಿನಲ್ಲಿ ನಿಂತುಕೊಂಡೇ ತೆರೆದು ಆಮೇಲೆ ಉತ್ತರಿಸೋಣ ಅಂತ ಬಿಟ್ಟರಾ, ಮೀಮ್‌ಗೆ ಅದು ಬೇಕಿಲ್ಲ. ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಸ್ಟೇಟಸ್‌ಗೆ ಹಾಕೋದು ನನಗೆ ಸರಿ ಕಾಣಲ್ಲ. ಅದು ಊರಿಗೆಲ್ಲ ಕಾಣುತ್ತೆ, ತಲುಪಬೇಕಾದವರಿಗೆ ಮಾತ್ರ ಅರ್ಥ ಆಗಲ್ಲ. ನಿಮ್ಮ ವಿಷಯದಲ್ಲಿ ಆಗಿದ್ದೂ ಇದೇ.

ಇನ್ನು ಲಾಸ್ಟ್ ಸೀನ್. ಅದು ವಾಟ್ಸಾಪನ್ನು ಕೊನೆಗೆ ತೆರೆದ ಸಮಯ. ನಿಮ್ಮ ಮೆಸೇಜ್ ತೆರೆದ ಸಮಯ ಅಲ್ಲ. ‘ಆನ್‌ಲೈನ್’ ಅಂತ ಬಂದರೂ ಅಷ್ಟೇ, ಆ ಕ್ಷಣ ವಾಟ್ಸಾಪ್ ಅವರ ಪರದೆ ಮೇಲಿದೆ, ಇಂಟರ್ನೆಟ್ ಇದೆ. ಅವರು ಮನೆಯವರ ಗ್ರೂಪ್‌ನಲ್ಲಿ ಗೃಹಪ್ರವೇಶದ ಫೋಟೋ ನೋಡ್ತಿರಬಹುದು. ಇದನ್ನು ಮುಚ್ಚಿಡಬಹುದು. Settings ಒಳಗೆ Privacy, ಅಲ್ಲಿ Last seen and online. ಎಲ್ಲರಿಗೂ, ಕಾಂಟ್ಯಾಕ್ಟ್‌ನಲ್ಲಿರುವವರಿಗೆ, ಕೆಲವರನ್ನು ಬಿಟ್ಟು ಉಳಿದವರಿಗೆ, ಯಾರಿಗೂ ಬೇಡ, ಹೀಗೆ ಆರಿಸಿಕೊಳ್ಳಬಹುದು. 2022ರಿಂದ ‘ಆನ್‌ಲೈನ್’ ಅನ್ನೂ ಮುಚ್ಚಲು ಬಿಟ್ಟಿದ್ದಾರೆ. ನಿಮ್ಮದನ್ನು ಮುಚ್ಚಿದರೆ ಅವರದ್ದೂ ನಿಮಗೆ ಕಾಣಲ್ಲ. ಹಾಗಾಗಿ ಯಾರದ್ದಾದರೂ ಲಾಸ್ಟ್ ಸೀನ್ ಇದ್ದಕ್ಕಿದ್ದಂತೆ ಮಾಯವಾದರೆ ಬ್ಲಾಕ್ ಮಾಡಿದರು ಅಂತ ಹಾರಾಡಬೇಡಿ. ಬ್ಲಾಕ್ ಮಾಡಿದ್ದರೆ ಒಂದೇ ಟಿಕ್‌ನಲ್ಲಿ ನಿಲ್ಲುತ್ತೆ, ವಾಟ್ಸಾಪ್ ಕಾಲ್ ಕೂಡ ಹೋಗಲ್ಲ.

ಇದರ ತಿರುಗಾಮುರುಗಾ ಕೂಡ ಇದೆ. ಬೂದು ಟಿಕ್ ಇದ್ದರೆ ಓದಿಲ್ಲ ಅಂತ ಅರ್ಥವಲ್ಲ. ಮೇಲೆ ಬರುವ ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿಕೊಂಡು ಚಾಟ್ ತೆರೆಯದೆ ಇರುವವರು ಬೇಕಾದಷ್ಟು ಜನ ಇದ್ದಾರೆ. ಇನ್ನು ಕೆಲವರು Privacy ಒಳಗೆ Read receipts ಆಫ್ ಮಾಡಿಟ್ಟಿರ್ತಾರೆ. ಅವರು ಉತ್ತರ ಬರೆದರೂ ನಿಮ್ಮ ಟಿಕ್ ಬೂದಾಗಿಯೇ ಉಳಿಯುತ್ತೆ. ಅದನ್ನು ಆಫ್ ಮಾಡಿದವರಿಗೆ ಬೇರೆಯವರ ನೀಲಿ ಟಿಕ್ ಕೂಡ ಕಾಣಲ್ಲ, ತಮ್ಮ ಸ್ಟೇಟಸ್ ಯಾರು ನೋಡಿದರು ಅನ್ನೋದೂ ಗೊತ್ತಾಗಲ್ಲ. ಆದರೆ ಗ್ರೂಪ್‌ಗಳಿಗೆ ಈ ಆಫ್ ಅನ್ವಯಿಸಲ್ಲ. ಅಲ್ಲಿ ಎಲ್ಲರೂ ನೋಡಿದ ಮೇಲೆ ನೀಲಿ ಆಗುತ್ತೆ, ಯಾರು ನೋಡಿದರು ಅನ್ನೋದು ಅದೇ Infoದಲ್ಲಿ ಸಿಗುತ್ತೆ.

ನೀಲಿ ಟಿಕ್ ತೆಗೆದುಬಿಡಲಾ ಅಂತ ಕೊನೆಗೆ ಕೇಳಿದ್ದೀರಿ. ಟಿಕ್ ನೋಡಿ ನೋಡಿ ಮನಸ್ಸು ಕೆಡ್ತಿದ್ದರೆ ತೆಗೆಯಿರಿ, ನಷ್ಟ ಏನಿಲ್ಲ. ಆದರೆ ಅದಕ್ಕಿಂತ ಮೊದಲು ಗೆಳೆಯನಿಗೆ ಹೇಳಿ ಅಂಗಡಿ ಕಂಪ್ಯೂಟರ್‌ನಿಂದ ಅವನ ನಂಬರ್ ತೆಗೆಸಿ. Linked devices ಪಟ್ಟಿಯಲ್ಲಿ ಆ ಬ್ರೌಸರ್ ಮುಟ್ಟಿ Log out ಕೊಟ್ಟರೆ ಆಯ್ತು. ನಿಮ್ಮ ಅಪ್ಪಾಜಿ ಆಸ್ಪತ್ರೆ ವಿಷಯವನ್ನು ಗೊತ್ತಿಲ್ಲದ ಹುಡುಗನೊಬ್ಬ ಅಂಗಡಿಯಲ್ಲಿ ನಿಂತು ಓದಿರಬಹುದು. ನನಗೆ ಉತ್ತರ ಬರದೇ ಇದ್ದದ್ದಕ್ಕಿಂತ ಇದೇ ದೊಡ್ಡದು ಅನ್ನಿಸ್ತು. ಅಂಗಡಿ ಕೆಲಸಕ್ಕೆ ಅಂಗಡಿಯದ್ದೇ ಒಂದು ನಂಬರ್ ಇರಲಿ.

ಆಸ್ಪತ್ರೆಯಂಥ ಅರ್ಜೆಂಟ್ ಇದ್ದಾಗ ಫೋನ್ ಸಿಗಲಿಲ್ಲ ಅಂದರೆ ಅಂಗಡಿ ನಂಬರಿಗೋ, ಅವನ ಅಣ್ಣನಿಗೋ ಮಾಡಿ. ವಾಟ್ಸಾಪ್‌ನಲ್ಲೇ ಹೇಳಬೇಕು ಅಂದರೆ ಬರೆಯೋದರ ಬದಲು ಮಾತಾಡಿ ಕಳಿಸಿ. ವಾಯ್ಸ್ ಮೆಸೇಜ್‌ನ ಪಕ್ಕ ಇರುವ ಮೈಕ್ ಗುರುತು ಚಾಟ್ ತೆರೆದ ಮಾತ್ರಕ್ಕೆ ನೀಲಿ ಆಗಲ್ಲ. ಯಾರಾದರೂ ಪ್ಲೇ ಒತ್ತಿದರೆ ಮಾತ್ರ ಆಗುತ್ತೆ. Read receipts ಆಫ್ ಮಾಡಿಟ್ಟವರ ಫೋನಿನಿಂದಲೂ ಆ ಗುರುತು ಬಂದೇ ಬರುತ್ತೆ.