ಒಂದೇ ಗಾಂಜಾ ಸೇವನೆಗೆ ನಾಲ್ಕು ಬಗೆಯ ವರದಿ ಏಕೆ?

ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಒಬ್ಬ ಗಾಂಜಾ ಸೇದಿದ ಎಂದಿಟ್ಟುಕೊಳ್ಳಿ. ದಿನಾ ಸೇದುವವನಲ್ಲ, ಅಪರೂಪಕ್ಕೊಮ್ಮೆ. ಬುಧವಾರ ಬೆಳಿಗ್ಗೆ ಅವನ ರಕ್ತ, ಲಾಲಾರಸ, ಮೂತ್ರ, ಕೂದಲು ನಾಲ್ಕನ್ನೂ ತೆಗೆದು ಲ್ಯಾಬಿಗೆ ಕಳಿಸಿದರೆ, ರಕ್ತ ಮತ್ತು ಲಾಲಾರಸದಲ್ಲಿ ಏನೂ ಸಿಗದಿರುವ ಸಾಧ್ಯತೆಯೇ ಹೆಚ್ಚು. ಮೂತ್ರ ಪಾಸಿಟಿವ್ ಬರಬಹುದು, ಗಡಿಯಲ್ಲಿ ನಿಲ್ಲಲೂಬಹುದು. ಕೂದಲಂತೂ ನೆಗೆಟಿವ್, ತಿಂಗಳು ಬಿಟ್ಟು ತೆಗೆದರೂ ಒಂದೇ ಸಲದ ಸೇವನೆ ಅದರಲ್ಲಿ ಕಾಣುವುದು ಕಷ್ಟ. ಈ ನಾಲ್ಕು ವರದಿಗಳಲ್ಲಿ ಯಾವುದೂ ತಪ್ಪಲ್ಲ. ಮೂತ್ರಕ್ಕೆ ಮೂರು ದಿನ, ಕೂದಲಿಗೆ ಮೂರು ತಿಂಗಳು ಎಂದು ಎಲ್ಲೆಡೆ ಓಡಾಡುವ ಪಟ್ಟಿ ಮಾತ್ರ ಅರ್ಧ ಸತ್ಯ. ಏಕೆಂದರೆ ಆ ದಿನಗಳ ಲೆಕ್ಕ ವಸ್ತುವಿನ ಗುಣದಿಂದಷ್ಟೇ ಬಂದದ್ದಲ್ಲ. ಲ್ಯಾಬ್ ಯಾವ ರಾಸಾಯನಿಕವನ್ನು ಹುಡುಕುತ್ತದೆ, ಎಷ್ಟರ ಮೇಲಿದ್ದರೆ ಪಾಸಿಟಿವ್ ಎನ್ನುತ್ತದೆ ಎಂಬುದರ ಮೇಲೂ ಅದು ನಿಂತಿದೆ.

ಮೊದಲು ರಕ್ತವನ್ನೇ ನೋಡೋಣ. ಗಾಂಜಾದಲ್ಲಿ ಅಮಲು ತರುವುದು ಟಿಎಚ್‌ಸಿ. ಹೊಗೆ ಒಳಗೆ ಹೋದ ಹತ್ತು ನಿಮಿಷದೊಳಗೆ ಅದು ರಕ್ತದಲ್ಲಿ ತನ್ನ ತುದಿ ಮುಟ್ಟುತ್ತದೆ; ಒಂದು ಮಿಲಿಲೀಟರ್‌ಗೆ ನೂರು ನ್ಯಾನೋಗ್ರಾಂ ದಾಟುವುದೂ ಉಂಟು. (ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.) ಮೂರು ನಾಲ್ಕು ಗಂಟೆಯಲ್ಲಿ ಅದೇ ಸಂಖ್ಯೆ ಐದಕ್ಕೂ ಕೆಳಗೆ ಬಿದ್ದಿರುತ್ತದೆ. ಇಷ್ಟು ಬೇಗ ದೇಹ ಅದನ್ನು ಹೊರಹಾಕಿತು ಎಂದಲ್ಲ. ಟಿಎಚ್‌ಸಿಗೆ ನೀರಿಗಿಂತ ಕೊಬ್ಬು ಇಷ್ಟ, ಹಾಗಾಗಿ ರಕ್ತ ಬಿಟ್ಟು ಮೆದುಳು, ಯಕೃತ್ತು, ಕೊನೆಗೆ ಚರ್ಮದಡಿಯ ಕೊಬ್ಬಿಗೆ ಸರಿದುಕೊಳ್ಳುತ್ತದೆ. ಅಲ್ಲಿಂದ ದಿನಗಟ್ಟಲೆ ತೊಟ್ಟು ತೊಟ್ಟಾಗಿ ರಕ್ತಕ್ಕೆ ಮರಳುತ್ತದೆ. ಅಪರೂಪದವನಲ್ಲಿ ಮರಳುವ ಪ್ರಮಾಣ ಲೆಕ್ಕಕ್ಕೆ ಬರುವಷ್ಟಿಲ್ಲ. ವರ್ಷಗಟ್ಟಲೆ ದಿನವೂ ಸೇದಿದವರಲ್ಲಿ ಹಾಗಲ್ಲ: ಕಾವಲಿನಲ್ಲಿಟ್ಟು, ಹೊಸದಾಗಿ ಒಂದು ದಮ್ಮೂ ಸಿಗದಂತೆ ನೋಡಿಕೊಂಡಾಗಲೂ ಕೆಲವರ ರಕ್ತದಲ್ಲಿ ವಾರಗಳ ನಂತರ ಟಿಎಚ್‌ಸಿ ಅಳೆಯುವಷ್ಟು ಸಿಕ್ಕಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯ ಚಾಲಕರಿಗೆ ಮಿಲಿಲೀಟರ್‌ಗೆ 5 ನ್ಯಾನೋಗ್ರಾಂ ಎಂಬ ಮಿತಿ ಹಾಕಿದ್ದು ತೊಡಕಾದದ್ದು ಇಲ್ಲಿಯೇ. ನಿತ್ಯ ಸೇವಿಸುವವನು ಅಮಲೇ ಇಲ್ಲದೆ ಮಿತಿಯ ಹತ್ತಿರ ಇರಬಹುದು, ಅಪರೂಪದವನು ಅಮಲಿನಲ್ಲಿದ್ದೂ ರಕ್ತ ತೆಗೆಯುವ ಹೊತ್ತಿಗೆ ಮಿತಿಯ ಕೆಳಗೆ ಇಳಿದಿರಬಹುದು. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂದು ಸಂಖ್ಯೆ ಹೇಳಿ, ಮಾದಕವಸ್ತುವಿಗೆ ಮಾತ್ರ ವಾಹನದ ಮೇಲೆ ಹಿಡಿತ ಇಟ್ಟುಕೊಳ್ಳಲಾಗದಷ್ಟು ಪ್ರಭಾವದಲ್ಲಿರಬೇಕು ಎಂದಷ್ಟೇ ಹೇಳುತ್ತದೆ. ಸಂಖ್ಯೆ ಇಲ್ಲವೆಂದು ಅದನ್ನು ದೂರುವ ಮೊದಲು ಮೇಲಿನ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮೂತ್ರ. ದೊಡ್ಡ ಪ್ರಮಾಣದ ಪರೀಕ್ಷೆ ಶುರುವಾದದ್ದೇ ಇದರಿಂದ. 1971ರಲ್ಲಿ ನಿಕ್ಸನ್ ಸರ್ಕಾರ ವಿಯೆಟ್ನಾಮಿನಿಂದ ಮನೆಗೆ ಹೊರಟ ಸೈನಿಕರಿಗೆ ಹೆರಾಯಿನ್ ಪತ್ತೆಗಾಗಿ ಮೂತ್ರ ಪರೀಕ್ಷೆ ಕಡ್ಡಾಯ ಮಾಡಿತು. ಹೆರಾಯಿನ್ ದೇಹದಲ್ಲಿ ಮಾರ್ಫಿನ್ ಆಗಿ, ಎರಡು ಮೂರು ದಿನ ಮೂತ್ರದಲ್ಲಿ ಕಾಣುತ್ತದೆ. ಹೊರಡುವ ದಿನ ಮೊದಲೇ ಗೊತ್ತಿದ್ದ ಸೈನಿಕರಲ್ಲಿ ಅಷ್ಟು ದಿನ ತಡೆದುಕೊಳ್ಳಬಲ್ಲವರು ಪಾಸಾದರು. ಆ ಪರೀಕ್ಷೆ ಹಿಡಿದದ್ದು ಹೆಚ್ಚಾಗಿ ತಡೆದುಕೊಳ್ಳಲಾಗದವರನ್ನು.

1981ರ ಮೇ 26ರಂದು ನಿಮಿಟ್ಜ್ ಎಂಬ ವಿಮಾನವಾಹಕ ನೌಕೆಯ ಮೇಲೆ ವಿಮಾನವೊಂದು ಅಪ್ಪಳಿಸಿ 14 ಜನ ಸತ್ತರು. ಸತ್ತ ನಾವಿಕರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಕುರುಹು ಸಿಕ್ಕಿತು. ಅಪಘಾತಕ್ಕೆ ಅದೇ ಕಾರಣ ಎಂದು ಆ ಕುರುಹಿನಿಂದ ಹೇಳಲು ಬರುವಂತಿರಲಿಲ್ಲ. ಆದರೂ ಅಮೆರಿಕದ ನೌಕಾಪಡೆ ಅಲ್ಲಿಂದ ಮುಂದೆ ಸಾರಾಸಗಟಾಗಿ ಮೂತ್ರ ಪರೀಕ್ಷೆಗೆ ಇಳಿಯಿತು. 1986ರಲ್ಲಿ ರೇಗನ್ ಆದೇಶ ಕೇಂದ್ರ ಸರ್ಕಾರದ ನೌಕರರಿಗೂ ಅದನ್ನು ತಂದಿತು, 1988ರಲ್ಲಿ ಲ್ಯಾಬುಗಳಿಗೆ ನಿಯಮಾವಳಿ ಬಂತು. ಮೊದಲ ಹಂತದ ಕಿಟ್ ಪರೀಕ್ಷೆಗೆ ಗಾಂಜಾದ ಗಡಿ ಮಿಲಿಲೀಟರ್‌ಗೆ 100 ನ್ಯಾನೋಗ್ರಾಂ, ದೃಢೀಕರಣಕ್ಕೆ 15. 1994ರಲ್ಲಿ ಮೊದಲ ಹಂತದ ಗಡಿಯನ್ನು 50ಕ್ಕೆ ಇಳಿಸಿದರು. ಜನರ ದೇಹ ಮೊದಲಿದ್ದಂತೆಯೇ ಇತ್ತು, ಗಾಂಜಾ ಸಿಕ್ಕಿಬೀಳುವ ದಿನಗಳು ಮಾತ್ರ ಹೆಚ್ಚಿದವು.

ಮೂತ್ರದಲ್ಲಿ ಹುಡುಕುವುದು ಟಿಎಚ್‌ಸಿಯನ್ನಲ್ಲ, ಯಕೃತ್ತು ಅದನ್ನು ಕರಗಿಸಿ ಮಾಡಿದ ಕಾರ್ಬಾಕ್ಸಿ-ಟಿಎಚ್‌ಸಿಯನ್ನು. ಇದಕ್ಕೆ ಅಮಲಿಲ್ಲ. ಕೊಬ್ಬಿನಿಂದ ತೊಟ್ಟಿಕ್ಕಿದ್ದೆಲ್ಲ ಕೊನೆಗೆ ಈ ರೂಪದಲ್ಲಿ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಕೂಡಿಕೊಳ್ಳುವುದರಿಂದ ರಕ್ತದಲ್ಲಿ ಕಾಣದ್ದು ಇಲ್ಲಿ ಕಾಣುತ್ತದೆ. ಅಪರೂಪದವನಿಗೆ ಸುಮಾರು ಮೂರು ದಿನ, ನಿತ್ಯ ಸೇವಿಸುವವನಿಗೆ ತಿಂಗಳು ದಾಟಬಹುದು.

ಮೂತ್ರದ ತಲೆನೋವು ನೀರು. ಸೇವನೆ ನಿಲ್ಲಿಸಿದ ಒಬ್ಬನ ಮೂತ್ರ ಸೋಮವಾರ ನೋಡಿದಾಗ 30 ನ್ಯಾನೋಗ್ರಾಂ ಬಂತು, ನೆಗೆಟಿವ್. ಶುಕ್ರವಾರ 72 ಬಂತು, ಪಾಸಿಟಿವ್. ನಡುವೆ ಮತ್ತೆ ಸೇದಿದ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದೇ ವರದಿಯಲ್ಲಿ ಕ್ರಿಯಾಟಿನಿನ್ ನೋಡಿ. ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ವಸ್ತು ಅದು. ಮೂತ್ರ ಎಷ್ಟು ತೆಳು ಎಂಬುದಕ್ಕೆ ಅಳತೆಗೋಲು. ಸೋಮವಾರ ಅದು ಡೆಸಿಲೀಟರ್‌ಗೆ 30 ಮಿಲಿಗ್ರಾಂ, ಶುಕ್ರವಾರ 180. ಒಂದು ಮಿಲಿಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಎಂದು ಭಾಗಿಸಿದರೆ ಸೋಮವಾರ 100 ನ್ಯಾನೋಗ್ರಾಂ, ಶುಕ್ರವಾರ 40. ಅಂದರೆ ನಾಲ್ಕು ದಿನದಲ್ಲಿ ಅರ್ಧಕ್ಕೂ ಕೆಳಗೆ ಇಳಿದಿದೆ. ಸೋಮವಾರ ಆತ ಚೆನ್ನಾಗಿ ನೀರು ಕುಡಿದಿದ್ದ, ಅಷ್ಟೆ. ಕ್ರಿಯಾಟಿನಿನ್ 20ಕ್ಕಿಂತ ಕಡಿಮೆಯಿದ್ದು ಸಾಂದ್ರತೆಯೂ ಇಳಿದಿದ್ದರೆ ಲ್ಯಾಬ್ ಅದನ್ನು ತೆಳುವಾದ ಮಾದರಿ ಎಂದು ಗುರುತಿಸುತ್ತದೆ, 2ಕ್ಕಿಂತ ಕಡಿಮೆಯಾದರೆ ಅದು ಮನುಷ್ಯನ ಮೂತ್ರವೇ ಎಂಬ ಅನುಮಾನ ಏಳುತ್ತದೆ. ಕ್ರಿಯಾಟಿನಿನ್ ನಮೂದಿಸದ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಗಡಿಯನ್ನು ಮೇಲಕ್ಕೆ ಎತ್ತಿದ ಉದಾಹರಣೆಯೂ ಇದೆ, ಅದು ನಮ್ಮ ಅಡುಗೆಮನೆಗೆ ಹತ್ತಿರದ್ದು. ಗಸಗಸೆ ಕಾಳಿಗೆ ಅಫೀಮು ಗಿಡದ ಹಾಲು ಸ್ವಲ್ಪ ಅಂಟಿರುತ್ತದೆ. ಒಂದು ಲೋಟ ಗಸಗಸೆ ಪಾಯಸ ಕುಡಿದವರ ಮೂತ್ರದಲ್ಲಿ ಮಾರ್ಫಿನ್ ಒಂದೆರಡು ದಿನ ಕಾಣಬಹುದು. ಈ ತೊಂದರೆ ತಪ್ಪಿಸಲೆಂದೇ ಅಮೆರಿಕದಲ್ಲಿ 1998ರಲ್ಲಿ ಅಫೀಮು ವರ್ಗದ ಗಡಿಯನ್ನು 300ರಿಂದ 2000 ನ್ಯಾನೋಗ್ರಾಂಗೆ ಏರಿಸಿದರು. ಪರಿಣಾಮವಾಗಿ ನಿಜವಾದ ಹೆರಾಯಿನ್ ಸೇವನೆ ಕಾಣುವ ಅವಧಿಯೂ ಮೊಟಕಾಯಿತು; ಅದಕ್ಕಾಗಿ ಹೆರಾಯಿನ್‌ನಿಂದ ಮಾತ್ರ ಹುಟ್ಟುವ 6-ಅಸಿಟೈಲ್ ಮಾರ್ಫಿನ್ ಎಂಬುದನ್ನು ಬೇರೆಯಾಗಿ ಹುಡುಕುತ್ತಾರೆ. ಗಸಗಸೆಯಿಂದ ಇದು ಬರುವುದಿಲ್ಲ.

ಲಾಲಾರಸದ ಪರೀಕ್ಷೆ ಬೆಳೆದದ್ದು ರಸ್ತೆಬದಿಯ ಅಗತ್ಯದಿಂದ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2004ರ ಡಿಸೆಂಬರಿನಲ್ಲಿ ಚಾಲಕರ ಬಾಯಿಯಿಂದ ಮಾದರಿ ತೆಗೆಯತೊಡಗಿತು. ಆರಂಭದಲ್ಲೇ ಎಡವಟ್ಟಾಯಿತು: ಮಾಧ್ಯಮದವರ ಎದುರು ಪಾಸಿಟಿವ್ ಎನಿಸಿಕೊಂಡ ಮೊದಲ ಚಾಲಕನ ಮಾದರಿ ಲ್ಯಾಬಿನಲ್ಲಿ ನೆಗೆಟಿವ್ ಬಂತು. ರಸ್ತೆಬದಿಯ ಕಿಟ್ ಬರೀ ಸೋಸುವ ಹಂತ, ತೀರ್ಪು ಲ್ಯಾಬಿನದು ಎಂಬುದು ಅಂದೇ ಎಲ್ಲರಿಗೂ ತಿಳಿಯಿತು.

ಗಾಂಜಾ ಸೇದಿದವನ ಲಾಲಾರಸದಲ್ಲಿ ಸಿಗುವ ಟಿಎಚ್‌ಸಿ ಬಹುಪಾಲು ರಕ್ತದಿಂದ ಇಳಿದದ್ದಲ್ಲ. ಹೊಗೆ ಕೆನ್ನೆಯ ಒಳಭಾಗಕ್ಕೆ, ನಾಲಿಗೆಗೆ ಅಂಟಿ ಉಳಿದದ್ದು. ರಕ್ತದಲ್ಲಿನ ಟಿಎಚ್‌ಸಿ ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಲಾಲಾಗ್ರಂಥಿ ದಾಟಿ ಬರುವುದು ತೀರಾ ಕಡಿಮೆ. ಹಾಗಾಗಿ ಮೊದಲ ಕೆಲವು ಗಂಟೆ ಸಂಖ್ಯೆ ಬಹಳ ಮೇಲಿದ್ದು, ಸಾಮಾನ್ಯವಾಗಿ ಒಂದು ದಿನದೊಳಗೆ ಮರೆಯಾಗುತ್ತದೆ. ಆಂಫೆಟಮೈನ್, ಕೊಡೀನ್‌ನಂಥ ಕ್ಷಾರ ಗುಣದವುಗಳ ರೀತಿ ಬೇರೆ. ಲಾಲಾರಸ ರಕ್ತಕ್ಕಿಂತ ಸ್ವಲ್ಪ ಆಮ್ಲೀಯ. ಒಳಬಂದ ಕ್ಷಾರ ಅಣು ಅಲ್ಲಿ ವಿದ್ಯುದಂಶ ಪಡೆದು ಹಿಂದಿರುಗಲಾರದೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಇವು ರಕ್ತಕ್ಕಿಂತ ಲಾಲಾರಸದಲ್ಲೇ ಹೆಚ್ಚು ಸಿಗುತ್ತವೆ. ಬಾಯಲ್ಲಿ ನೀರೂರಲೆಂದು ಹುಳಿ ಕೊಟ್ಟು ಮಾದರಿ ತೆಗೆದರೆ, ಜೋರಾಗಿ ಊರಿಬರುವ ಲಾಲಾರಸದಲ್ಲಿ ಈ ಆಮ್ಲೀಯತೆ ತಗ್ಗಿ ಕೊಡೀನ್‌ನ ಸಂಖ್ಯೆಯೂ ಕುಸಿಯುತ್ತದೆ. ಮಾದರಿ ತೆಗೆದ ವಿಧಾನವನ್ನು ಬರೆದಿಡಬೇಕು ಎನ್ನುವುದು ಅದಕ್ಕೇ.

ಕೂದಲಿನ ಪರೀಕ್ಷೆ 1979ರಲ್ಲಿ ಹೆರಾಯಿನ್ ಸೇವಿಸುವವರ ಕೂದಲಿನಿಂದ ಮೊದಲಾಯಿತು. ಬೇರಿಗೆ ರಕ್ತ ತಂದದ್ದು ಬೆಳೆಯುವ ಎಳೆಯೊಳಗೆ ಸೇರಿ ಗಟ್ಟಿಯಾಗುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ಮೂರು ಸೆಂಟಿಮೀಟರ್ ಎಂದರೆ ಮೂರು ತಿಂಗಳ ದಾಖಲೆ ಎಂದು ಲೆಕ್ಕ. ಕೂದಲು ಉದ್ದವಿದ್ದರೆ ಇನ್ನೂ ಹಿಂದಕ್ಕೆ ಹೋಗಬಹುದು, ಮೂರು ತಿಂಗಳು ಎನ್ನುವುದು ಅಳತೆಗೆ ಆಯ್ದುಕೊಂಡ ಉದ್ದವಷ್ಟೆ. ಚರ್ಮದ ಅಡಿಯಲ್ಲಿರುವ ಭಾಗ ಮೇಲೆ ಬರಲು ಸುಮಾರು ಒಂದು ವಾರ ಬೇಕು. ಭಾನುವಾರ ಸೇದಿದ್ದು ಬುಧವಾರ ಕತ್ತರಿಸಿದ ಕೂದಲಿನಲ್ಲಿ ಇಲ್ಲದಿರುವುದು ಅದಕ್ಕೇ.

ಆದರೆ ಕೂದಲು ಎಲ್ಲವನ್ನೂ ಸಮನಾಗಿ ಹಿಡಿದಿಡುವುದಿಲ್ಲ. ಕಪ್ಪು ಬಣ್ಣ ಕೊಡುವ ಮೆಲನಿನ್ ಕೊಕೇನ್‌ನಂಥ ಕ್ಷಾರ ವಸ್ತುಗಳನ್ನು ಎಳೆದುಕೊಳ್ಳುತ್ತದೆ, ಕಾರ್ಬಾಕ್ಸಿ-ಟಿಎಚ್‌ಸಿಯಂಥ ಆಮ್ಲವನ್ನು ಹತ್ತಿರ ಸೇರಿಸುವುದಿಲ್ಲ. ಕೂದಲು ಪರೀಕ್ಷಕರ ಅಂತರರಾಷ್ಟ್ರೀಯ ಸಂಘ ಸೂಚಿಸಿದ ಗಡಿಗಳಲ್ಲೇ ಇದು ಕಾಣುತ್ತದೆ: ಕೊಕೇನ್‌ಗೆ ಮಿಲಿಗ್ರಾಂ ಕೂದಲಿನಲ್ಲಿ 500 ಪಿಕೋಗ್ರಾಂ, ಕಾರ್ಬಾಕ್ಸಿ-ಟಿಎಚ್‌ಸಿಗೆ 0.2. ಎರಡೂವರೆ ಸಾವಿರ ಪಟ್ಟು ವ್ಯತ್ಯಾಸ. ಅಪರೂಪಕ್ಕೆ ಗಾಂಜಾ ಸೇದಿದವರು ಕೂದಲಿನಲ್ಲಿ ತಪ್ಪಿಸಿಕೊಳ್ಳುವುದು, ಕೊಕೇನ್ ಬಳಸಿದವರು ಸಿಕ್ಕಿಬೀಳುವುದು ಹೀಗೆ. ಜೊತೆಗೆ ಪಕ್ಕದವರ ಹೊಗೆಯಿಂದಲೂ ಕೂದಲಿಗೆ ಟಿಎಚ್‌ಸಿ ಅಂಟಬಹುದು, ತೊಳೆದರೂ ಪೂರ್ತಿ ಹೋಗದು. ಆದ್ದರಿಂದ ಬರೀ ಟಿಎಚ್‌ಸಿ ತೋರಿಸಿದ ವರದಿ ಸೇವನೆಗೆ ಸಾಕ್ಷಿಯಾಗಲಾರದು. ದೇಹದೊಳಗೆ ತಯಾರಾಗುವ ಕಾರ್ಬಾಕ್ಸಿ ರೂಪವನ್ನೂ ಅಳೆದಿರಬೇಕು.

2020ರಲ್ಲಿ ಬೆಂಗಳೂರಿನಲ್ಲಿ ಸದ್ದು ಮಾಡಿದ ಚಿತ್ರರಂಗದ ಮಾದಕವಸ್ತು ಪ್ರಕರಣದಲ್ಲಿ ಕೂದಲಿನ ಮಾದರಿಗಳು ಹೈದರಾಬಾದಿನ ಕೇಂದ್ರೀಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು, ವರದಿ ಬಂದದ್ದು 2021ರ ಆಗಸ್ಟಿನಲ್ಲಿ. ಮೂತ್ರವಾಗಿದ್ದರೆ ಇಷ್ಟು ತಡವಾದಾಗ ಮಾದರಿ ಕೆಟ್ಟಿತೇ ಎಂಬ ಪ್ರಶ್ನೆ ಬರುತ್ತಿತ್ತು. ಒಣಗಿದ ಕೂದಲು ಕತ್ತಲಲ್ಲಿ, ಕೋಣೆಯ ಉಷ್ಣತೆಯಲ್ಲಿ ಬಹುಕಾಲ ಇರುತ್ತದೆ. ಅದು ಕೆಡುವುದು ತೆಗೆಯುವಾಗ. ನೆತ್ತಿಯ ಹಿಂಭಾಗದಿಂದ ಪೆನ್ಸಿಲ್ ದಪ್ಪದ ಒಂದು ಗೊಂಚಲನ್ನು ಚರ್ಮಕ್ಕೆ ತಾಗಿದಂತೆ ಕತ್ತರಿಸಿ, ಬುಡದ ಕಡೆಗೆ ದಾರ ಕಟ್ಟಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಬುಡ ಯಾವುದು ತುದಿ ಯಾವುದು ಎಂದು ಗುರುತಿಲ್ಲದಿದ್ದರೆ ತಿಂಗಳ ಲೆಕ್ಕವೇ ಹೋಯಿತು. ಮುಡಿ ಕೊಟ್ಟು ತಲೆ ಬೋಳಾಗಿದ್ದರೆ ಎದೆಯದೋ ಕಾಲಿನದೋ ಕೂದಲು ತೆಗೆಯಬಹುದು. ಆದರೆ ಅವು ಬೆಳೆಯುವ ವೇಗ ಬೇರೆ, ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವ ಎಳೆಗಳೂ ಹೆಚ್ಚು. ಹಾಗಾಗಿ ಸೇವನೆ ಇತ್ತೆಂದು ಅವು ಹೇಳಬಲ್ಲವು, ಯಾವ ತಿಂಗಳಲ್ಲಿ ಎಂದು ಹೇಳಲಾರವು.