ಹಾವು ಕಚ್ಚಿದರೆ ರೆಪ್ಪೆ ಯಾಕೆ ಏಳುವುದಿಲ್ಲ?

ಪ್ರಶ್ನೆ: ತೋಟದಲ್ಲಿ ಸೋಗೆ ಹೆಕ್ಕುವಾಗ ಮಾವನಿಗೆ ನಾಗರಹಾವು ಕಚ್ಚಿತ್ತು. ರೆಪ್ಪೆ ಎತ್ತಲಿಕ್ಕೇ ಆಗುತ್ತಿರಲಿಲ್ಲ, ಆದರೆ ಚಿವುಟಿದರೆ ಗೊತ್ತಾಗುತ್ತಿತ್ತು. ಅವರ ನರ ಸತ್ತಿತ್ತಾ? (ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ)

ಇಲ್ಲ ತಂಗಿ, ನರ ಸರಿಯಾಗಿಯೇ ಇತ್ತು. ಸಂದೇಶ ಮಿದುಳಿನಿಂದ ಹೊರಟು ರೆಪ್ಪೆಯ ಸ್ನಾಯುವಿನ ಹತ್ತಿರದವರೆಗೂ ಬಂದು, ಕೊನೆಯ ಸಂದಿನಲ್ಲಿ ನಿಂತುಬಿಟ್ಟಿತು.

ಸುಮ್ಮನೆ ಇರುವಾಗ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ನರದ ಪೊರೆಯಲ್ಲಿ ಸೋಡಿಯಂಗೆಂದೇ ಬಾಗಿಲುಗಳಿವೆ, ಅವು ವೋಲ್ಟೇಜ್ ನೋಡಿ ತೆರೆಯುತ್ತವೆ. ಒಳಗಿನ ವೋಲ್ಟೇಜ್ ಹೇಗೋ ಏರಿ ಮೈನಸ್ 55ರ ಹತ್ತಿರ ಬಂದರೆ ಸಾಕು, ಕೆಲವು ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಅದರಿಂದ ವೋಲ್ಟೇಜ್ ಇನ್ನೂ ಏರುತ್ತದೆ, ಆಗ ಇನ್ನಷ್ಟು ಬಾಗಿಲು ತೆರೆಯುತ್ತವೆ, ಹೀಗೆ ಕ್ಷಣದಲ್ಲಿ ಪ್ಲಸ್ 30ರವರೆಗೂ ಹೋಗುತ್ತದೆ. ಮೈನಸ್ 55ರ ಹತ್ತಿರ ಮುಟ್ಟದಿದ್ದರೆ ಏನೂ ಆಗುವುದಿಲ್ಲ, ಮುಟ್ಟಿದರೆ ಪೂರ್ತಿ ಆಗುತ್ತದೆ. ಅರ್ಧ ಎಂಬುದಿಲ್ಲ.

ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಆ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನಿಧಾನಕ್ಕೆ ತೆರೆದ ಪೊಟ್ಯಾಸಿಯಂ ಬಾಗಿಲಿನಿಂದ ಪೊಟ್ಯಾಸಿಯಂ ಹೊರಗೆ ಹೋಗಿ ವೋಲ್ಟೇಜ್ ಇಳಿಯುತ್ತದೆ. ಮುಚ್ಚಿದ ಸೋಡಿಯಂ ಬಾಗಿಲು ಕೂಡಲೇ ಮತ್ತೆ ತೆರೆಯುವುದಿಲ್ಲ, ಅದಕ್ಕೇ ವೋಲ್ಟೇಜಿನ ಈ ಏರಿಳಿತ, ಅಂದರೆ ನರದ ಸಂದೇಶ, ಹಿಂದಕ್ಕೆ ತಿರುಗದೆ ಮುಂದಿನ ಭಾಗಕ್ಕೇ ಓಡುತ್ತದೆ. ಪಟಾಕಿ ಮಾಲೆಯಲ್ಲಿ ಉರಿದುಹೋದದ್ದು ಮತ್ತೆ ಸಿಡಿಯುವುದಿಲ್ಲ ಅಲ್ವಾ, ಹಾಗೆ. ನರ ಮಾತ್ರ ಸ್ವಲ್ಪ ಹೊತ್ತಿಗೆ ಮತ್ತೆ ತಯಾರಾಗುತ್ತದೆ.

ಮಾವನಿಗೂ ಇಷ್ಟೆಲ್ಲ ನಡೆಯುತ್ತಿತ್ತು.

ನರದ ತುದಿಗೂ ಸ್ನಾಯುವಿಗೂ ನಡುವೆ ಸುಮಾರು 50 ನ್ಯಾನೋಮೀಟರಿನ ಸಂದು ಇದೆ. ನರದ ಸಂದೇಶ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವ ಇಂಥ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಈ ಏರಿಳಿತ ಅದನ್ನು ನೇರ ದಾಟಲಾರದು. ತುದಿಯಲ್ಲಿ ಕ್ಯಾಲ್ಸಿಯಂ ಬಾಗಿಲುಗಳಿವೆ, ವೋಲ್ಟೇಜ್ ಏರಿದಾಗ ಅವು ತೆರೆಯುತ್ತವೆ. ಒಳಗೆ ಬಂದ ಕ್ಯಾಲ್ಸಿಯಂನಿಂದ ಅಲ್ಲಿನ ಸಣ್ಣ ಚೀಲಗಳು ಪೊರೆಗೆ ಅಂಟಿ ಒಡೆದು, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸಂದಿಗೆ ಸುರಿಯುತ್ತವೆ. ಅದು ಸ್ನಾಯುವಿನ ಮೇಲೆ ಅದನ್ನು ಹಿಡಿಯಲೆಂದೇ ಇರುವ ರಿಸೆಪ್ಟರ್‌ಗೆ ಕೂತರೆ ಅಲ್ಲಿ ಸೋಡಿಯಂ ನುಗ್ಗಿ ಸ್ನಾಯು ಸೆಳೆಯುತ್ತದೆ. ಕೆಲಸ ಮುಗಿಯುವಷ್ಟರಲ್ಲಿ ಒಂದು ಕಿಣ್ವ ಅದನ್ನು ತುಂಡು ಮಾಡುತ್ತದೆ.

ನಾಗರಹಾವಿನ ವಿಷ ಹೋಗಿ ಕೂರುವುದು ಈ ರಿಸೆಪ್ಟರ್ ಮೇಲೆ. ಬೀಗದ ತೂತಿಗೆ ಹಲಸಿನ ಮೇಣ ಮೆತ್ತಿದ ಹಾಗೆ: ಬೀಗ ತೆರೆಯುವುದೂ ಇಲ್ಲ, ಕೀಲಿಕೈ ಒಳಗೆ ಹೋಗುವುದೂ ಇಲ್ಲ. ಚಿವುಟಿದ್ದು ಮಿದುಳಿಗೆ ತಲುಪುವ ದಾರಿಯಲ್ಲಿ ಈ ತರದ ಸಂದು ಇಲ್ಲ, ಮಿದುಳಿನ ಒಳಗಂತೂ ಆ ವಿಷ ಸುಲಭಕ್ಕೆ ಹೋಗುವುದಿಲ್ಲ. ಹಾಗಾಗಿ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು.

ಆಸ್ಪತ್ರೆಯಲ್ಲಿ ವಿಷನಿರೋಧಕದ ಜೊತೆಗೆ ನಿಯೋಸ್ಟಿಗ್ಮಿನ್ ಕೊಡುವುದುಂಟು. ಅದು ಆ ಕಿಣ್ವವನ್ನು ತಡೆಯುತ್ತದೆ. ಅಸಿಟೈಲ್‌ಕೋಲಿನ್ ಸಂದಿನಲ್ಲೇ ಜಾಸ್ತಿ ಹೊತ್ತು ಉಳಿದು, ಖಾಲಿ ಇರುವ ರಿಸೆಪ್ಟರ್‌ಗಳನ್ನು ಮತ್ತೆ ಮತ್ತೆ ಮುಟ್ಟಿ, ರೆಪ್ಪೆ ಏಳುವಷ್ಟು ಸಂಕೇತ ದಾಟಿಸುತ್ತದೆ.

ಕಟ್ಟುಹಾವು ಕಚ್ಚಿದ್ದಾದರೆ ಈ ಔಷಧಿ ಅಷ್ಟು ಕೆಲಸ ಮಾಡುವುದಿಲ್ಲ. ಅದರ ವಿಷ ಮುಖ್ಯವಾಗಿ ನರದ ತುದಿಯನ್ನೇ ಹಾಳು ಮಾಡುತ್ತದೆ, ಸುರಿಯಲು ಅಸಿಟೈಲ್‌ಕೋಲಿನ್ನೇ ಉಳಿದಿರುವುದಿಲ್ಲ. ತುದಿ ಹೊಸದಾಗಿ ಬೆಳೆಯುವವರೆಗೆ ಕೆಲವರನ್ನು ದಿನಗಟ್ಟಲೆ ವೆಂಟಿಲೇಟರಿನಲ್ಲಿ ಇಡಬೇಕಾಗುತ್ತದೆ.