ಬಿಡಿ ಬೆಲೆಯೋ ಜೋಡಿ ಬೆಲೆಯೋ: ಎದುರುಬದುರು ಅಭಿರುಚಿಗಳ ಲೆಕ್ಕ

ಒಂದು ಕಂಪನಿ ಎರಡು ಸಾಫ್ಟ್‌ವೇರ್ ಮಾರುತ್ತದೆ. ಒಂದು ಬರವಣಿಗೆಗೆ, ಇನ್ನೊಂದು ಲೆಕ್ಕಕ್ಕೆ. ಕೊಳ್ಳುವವರು ಇಬ್ಬರೇ ಎಂದುಕೊಳ್ಳೋಣ, ಒಬ್ಬ ಬರಹಗಾರ, ಒಬ್ಬ ಲೆಕ್ಕಿಗ. ಬರಹಗಾರ ಬರವಣಿಗೆಯ ಸಾಫ್ಟ್‌ವೇರ್‌ಗೆ ಹೆಚ್ಚೆಂದರೆ 100 ಕೊಟ್ಟಾನು, ಲೆಕ್ಕದ್ದಕ್ಕೆ 30. ಲೆಕ್ಕಿಗನದು ಇದರ ತಿರುವುಮುರುವು: ಬರವಣಿಗೆಯದ್ದಕ್ಕೆ 40, ಲೆಕ್ಕದ್ದಕ್ಕೆ 90. ಈ ಅಂಕಿಗಳನ್ನು ಯಾವ ನಾಣ್ಯದಲ್ಲಾದರೂ ಓದಿಕೊಳ್ಳಬಹುದು. ಒಬ್ಬ ಗ್ರಾಹಕ ಒಂದು ವಸ್ತುವಿಗೆ ಕೊಡಲು ಸಿದ್ಧನಿರುವ ಗರಿಷ್ಠ ಮೊತ್ತವನ್ನು ಇಲ್ಲಿ ಅವನ ‘ಒಪ್ಪುವ ಬೆಲೆ’ ಎಂದು ಕರೆಯೋಣ. ಸಾಫ್ಟ್‌ವೇರ್‌ನ ಇನ್ನೊಂದು ಪ್ರತಿ ಮಾಡಲು ಖರ್ಚಿಲ್ಲ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ.

ಬಿಡಿಬಿಡಿಯಾಗಿ ಮಾರಿದರೆ ಎಷ್ಟು ಬರುತ್ತದೆ? ಬರವಣಿಗೆಯ ಸಾಫ್ಟ್‌ವೇರ್‌ಗೆ 100 ಇಟ್ಟರೆ ಬರಹಗಾರನೊಬ್ಬನೇ ಕೊಳ್ಳುತ್ತಾನೆ, 100 ಸಿಗುತ್ತದೆ. 40ಕ್ಕೆ ಇಳಿಸಿದರೆ ಇಬ್ಬರೂ ಕೊಳ್ಳುತ್ತಾರೆ, ಆದರೆ ಸಿಗುವುದು 80. ಹಾಗಾಗಿ 100 ಲೇಸು. ಲೆಕ್ಕದ ಸಾಫ್ಟ್‌ವೇರ್‌ಗೂ ಅದೇ ರೀತಿ: 90 ಇಟ್ಟರೆ 90, 30 ಇಟ್ಟರೆ 60. ಒಟ್ಟು 190. ಇದಕ್ಕಿಂತ ಹೆಚ್ಚು ಬಿಡಿ ಮಾರಾಟದಲ್ಲಿ ಹುಟ್ಟುವುದಿಲ್ಲ.

ಈಗ ಎರಡನ್ನೂ ಒಂದೇ ಕಟ್ಟಿನಲ್ಲಿ ಕೊಡಿ. ಬರಹಗಾರನಿಗೆ ಕಟ್ಟಿನ ಬೆಲೆ 100 + 30, ಅಂದರೆ 130. ಲೆಕ್ಕಿಗನಿಗೆ 40 + 90, ಅದೂ 130. ಕಟ್ಟಿಗೆ 130 ಇಟ್ಟರೆ ಇಬ್ಬರೂ ಕೊಳ್ಳುತ್ತಾರೆ, 260 ಬರುತ್ತದೆ. ಸಾಫ್ಟ್‌ವೇರ್ ಅವೇ, ಗ್ರಾಹಕರೂ ಅವರೇ; ಹೆಚ್ಚು ಬಂದದ್ದು 70.

ಈ 70 ಎಲ್ಲಿಂದ ಬಂತು? ಬಿಡಿ ಮಾರಾಟದಲ್ಲಿ ಮಾರುವವನು ಪ್ರತಿ ವಸ್ತುವಿನಲ್ಲೂ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾನೆ. ಬೆಲೆ ಏರಿಸಿದರೆ ಒಬ್ಬ ಗ್ರಾಹಕ ಕೈಬಿಟ್ಟು ಹೋಗುತ್ತಾನೆ, ಇಳಿಸಿದರೆ ಹೆಚ್ಚು ಕೊಡಬಲ್ಲವನೂ ಕಡಿಮೆಗೆ ಒಯ್ಯುತ್ತಾನೆ. 100 ಮತ್ತು 40ರ ನಡುವಿನ ಅಂತರ ಈ ಇಕ್ಕಟ್ಟಿನ ಅಳತೆ. ಜೋಡಿಯಲ್ಲಿ ಒಬ್ಬನ ಹೆಚ್ಚು ಅವನದೇ ಕಡಿಮೆಯನ್ನು ತುಂಬಿಕೊಡುತ್ತದೆ, ಮೊತ್ತಗಳು ಹತ್ತಿರ ಹತ್ತಿರ ಬರುತ್ತವೆ. ಮೊತ್ತಗಳು ಒಂದಕ್ಕೊಂದು ಹತ್ತಿರವಾದಷ್ಟೂ ಒಂದೇ ಬೆಲೆಯಿಂದ ಎಲ್ಲರನ್ನೂ ಹಿಡಿಯಬಹುದು. ಬಿಡಿ ಮಾರಾಟದಲ್ಲಿ ಕೈತಪ್ಪುತ್ತಿದ್ದ 30 ಮತ್ತು 40 ಇಲ್ಲಿ ಪೆಟ್ಟಿಗೆಗೆ ಬಂದಿವೆ, ಅವೆರಡರ ಮೊತ್ತವೇ ಆ 70.

ಈ ತರ್ಕವನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲಿ ಮುಂದಿಟ್ಟರು. ಅಮೆರಿಕದ ಚಿತ್ರ ವಿತರಕರು ಟಿವಿ ಕೇಂದ್ರಗಳಿಗೆ ಹಳೆಯ ಚಿತ್ರಗಳನ್ನು ಬಿಡಿಯಾಗಿ ಕೊಡದೆ ಗುಂಪುಗುಂಪಾಗಿ ಮಾರುತ್ತಿದ್ದರು. ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲಿ ಅದನ್ನು ಕಾನೂನುಬಾಹಿರ ಎಂದಿತ್ತು. ಒಳ್ಳೆಯ ಚಿತ್ರದ ಬಲದಿಂದ ಕೆಟ್ಟ ಚಿತ್ರವನ್ನು ತಳ್ಳುತ್ತಾರೆ ಎಂಬುದು ಆಗ ಚಾಲ್ತಿಯಲ್ಲಿದ್ದ ವಿವರಣೆ. ಸ್ಟಿಗ್ಲರ್ ಇದನ್ನು ಒಪ್ಪಲಿಲ್ಲ. ಅವರ ಉದಾಹರಣೆಯಲ್ಲಿ ಒಬ್ಬ ಗಿರಾಕಿ ಎರಡು ಚಿತ್ರಗಳಿಗೆ 8,000 ಮತ್ತು 2,500 ಡಾಲರ್ ಕೊಡಬಲ್ಲ, ಇನ್ನೊಬ್ಬ 7,000 ಮತ್ತು 3,000. ಬಿಡಿಯಾಗಿ 7,000 ಮತ್ತು 2,500ಕ್ಕೆ ಇಬ್ಬರಿಗೂ ಮಾರಿದರೆ 19,000. ಜೋಡಿಯನ್ನು 10,000ಕ್ಕೆ ಕೊಟ್ಟರೆ 20,000. ಇಲ್ಲಿ ಇಬ್ಬರೂ ಮೊದಲ ಚಿತ್ರವನ್ನೇ ಹೆಚ್ಚು ಮೆಚ್ಚುತ್ತಾರೆ ಎಂಬುದನ್ನು ಗಮನಿಸಬೇಕು. ಎದುರುಬದುರು ಎಂದರೆ ಒಬ್ಬನಿಗೆ ಇದು ಇಷ್ಟ, ಇನ್ನೊಬ್ಬನಿಗೆ ಅದು ಇಷ್ಟ ಎಂದೇ ಆಗಬೇಕಿಲ್ಲ. ಮೊದಲ ವಸ್ತುವಿಗೆ ಉಳಿದವರಿಗಿಂತ ಹೆಚ್ಚು ಕೊಡುವವನು ಎರಡನೆಯದಕ್ಕೆ ಉಳಿದವರಿಗಿಂತ ಕಡಿಮೆ ಕೊಟ್ಟರೆ ಸಾಕು.

ಆದರೆ ಎದುರುಬದುರು ಇದ್ದ ಮಾತ್ರಕ್ಕೆ ಜೋಡಿ ಗೆಲ್ಲುತ್ತದೆ ಎಂದುಕೊಂಡರೆ ಕೈಸುಡುತ್ತದೆ. ಬರಹಗಾರನ ಒಪ್ಪುವ ಬೆಲೆಗಳು 100 ಮತ್ತು 10, ಲೆಕ್ಕಿಗನವು 10 ಮತ್ತು 40 ಎಂದಿರಲಿ. ಅಭಿರುಚಿ ಈಗಲೂ ಪೂರ್ತಿ ವಿರುದ್ಧ. ಬಿಡಿಯಾಗಿ 100 ಮತ್ತು 40 ಇಟ್ಟರೆ 140 ಸಿಗುತ್ತದೆ. ಜೋಡಿಯ ಮೊತ್ತಗಳು 110 ಮತ್ತು 50. ಇಬ್ಬರೂ ಕೊಳ್ಳಲಿ ಎಂದು 50 ಇಟ್ಟರೆ 100, ಬರಹಗಾರನೊಬ್ಬನೇ ಸಾಕೆಂದು 110 ಇಟ್ಟರೆ 110. ಎರಡೂ 140ಕ್ಕಿಂತ ಕಡಿಮೆ. ಇಲ್ಲಿ ಎರಡು ಸಂಗತಿ ಕೆಟ್ಟಿವೆ. ಮೊತ್ತಗಳು ಹತ್ತಿರ ಬರಲೇ ಇಲ್ಲ, ಏಕೆಂದರೆ ಒಂದು ವಸ್ತುವಿನ ಏರುಪೇರು 90, ಇನ್ನೊಂದರದು ಬರೀ 30. ದೊಡ್ಡ ಏರುಪೇರನ್ನು ಚಿಕ್ಕದು ತುಂಬಿಕೊಡಲಾರದು. ಜೊತೆಗೆ ಇಷ್ಟವಿಲ್ಲದ ವಸ್ತುವಿಗೆ ಇಬ್ಬರೂ ಕೊಡುವುದು 10 ಮಾತ್ರ, ಹಾಗಾಗಿ ಜೋಡಿ ಗಳಿಸಿಕೊಡಬಹುದಾದ ಹೊಸ ಹಣವೇ ಅತ್ಯಲ್ಪ.

ಈ ಎರಡನೆಯ ಸಂಗತಿಯನ್ನು ಸಮಪ್ರಮಾಣದ ಉದಾಹರಣೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಇಬ್ಬರೂ ತಮ್ಮ ಇಷ್ಟದ ವಸ್ತುವಿಗೆ 100 ಕೊಡುತ್ತಾರೆ, ಇನ್ನೊಂದಕ್ಕೆ ಇಬ್ಬರದೂ ಒಂದೇ ಕಡಿಮೆ ಬೆಲೆ ಎಂದಿಟ್ಟುಕೊಳ್ಳಿ. ಆ ಕಡಿಮೆ ಬೆಲೆ ಸೊನ್ನೆಯಾದರೆ ಬಿಡಿಯಲ್ಲೂ 200, ಜೋಡಿಯಲ್ಲೂ 200, ಲಾಭವಿಲ್ಲ. ಅದು 100 ಆದರೆ ಎರಡೂ ಕಡೆ 400, ಆಗಲೂ ಲಾಭವಿಲ್ಲ. ನಡುವೆ 50ಕ್ಕೆ ಬಂದಾಗ ಬಿಡಿ ಮಾರಾಟ 200ರಲ್ಲಿ ನಿಂತಿರುತ್ತದೆ, ಜೋಡಿ 300ಕ್ಕೆ ಏರುತ್ತದೆ. ಅಂತರ ಗರಿಷ್ಠವಾಗುವುದು ಅಲ್ಲೇ. ಅಂದರೆ ಜೋಡಿಗೆ ಹೇಳಿ ಮಾಡಿಸಿದ ಗ್ರಾಹಕ ಎರಡನೆಯ ವಸ್ತುವನ್ನು ಬೇಡವೆನ್ನುವವನಲ್ಲ, ಅರ್ಧ ಮನಸ್ಸಿನಿಂದ ಬಯಸುವವನು.

ಇನ್ನು ಖರ್ಚಿನ ಮಾತು. ಮೊದಲ ಉದಾಹರಣೆಗೇ ಮರಳಿ, ಪ್ರತಿ ವಸ್ತುವಿನ ಅಸಲು 50 ಎಂದು ಸೇರಿಸೋಣ. ಬಿಡಿ ಮಾರಾಟದಲ್ಲಿ ಲಾಭ 50 + 40, ಅಂದರೆ 90. ಜೋಡಿಯಲ್ಲಿ ಪ್ರತಿ ಕಟ್ಟಿಗೆ 130ರಲ್ಲಿ 100 ಕಳೆದು 30, ಇಬ್ಬರಿಂದ 60. ಜೋಡಿ ಸೋತಿತು. ಬರಹಗಾರನಿಗೆ 30 ಬೆಲೆಯಷ್ಟೇ ಅನ್ನಿಸುವ ವಸ್ತುವನ್ನು 50 ಖರ್ಚು ಮಾಡಿ ತಯಾರಿಸಿ ಕೊಟ್ಟದ್ದೇ ಕಾರಣ. ಎರಡರ ಅಸಲೂ ಸಮನಾಗಿದ್ದರೆ ಈ ಉದಾಹರಣೆಯ ಗಡಿ 35: ಅಲ್ಲಿ ಎರಡೂ ದಾರಿಯಲ್ಲಿ ಲಾಭ 120. ಈ 35 ಬೇರೇನೂ ಅಲ್ಲ, ಆ ಕಡಿಮೆ ಬೆಲೆಗಳಾದ 30 ಮತ್ತು 40ರ ಸರಾಸರಿ. ಅಸಲು ಅದಕ್ಕಿಂತ ಕಡಿಮೆಯಿದ್ದರೆ ಜೋಡಿ, ಹೆಚ್ಚಿದ್ದರೆ ಬಿಡಿ. ಸಾಫ್ಟ್‌ವೇರ್, ಟಿವಿ ವಾಹಿನಿ, ಡಿಜಿಟಲ್ ಸಂಗೀತದಂಥ ವಸ್ತುಗಳು ಕಟ್ಟುಕಟ್ಟಾಗಿ ಮಾರಾಟವಾಗಲು, ದುಬಾರಿ ಯಂತ್ರಗಳು ಹಾಗೆ ಮಾರಾಟವಾಗದಿರಲು ಇದೊಂದು ಮುಖ್ಯ ಕಾರಣ.

ಅಳೆಯುವ ಹಂತದಲ್ಲಿ ಆಗುವ ತಪ್ಪು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮಾರುವವರು ಸಾಮಾನ್ಯವಾಗಿ ಪ್ರತಿ ವಸ್ತುವಿನ ಬೇಡಿಕೆಯನ್ನು ಬೇರೆಬೇರೆಯಾಗಿ ಅಂದಾಜು ಮಾಡುತ್ತಾರೆ: ಬರವಣಿಗೆಯದ್ದಕ್ಕೆ ಒಬ್ಬ 100, ಒಬ್ಬ 40, ಲೆಕ್ಕದ್ದಕ್ಕೆ ಒಬ್ಬ 90, ಒಬ್ಬ 30. ಈ ಮಾಹಿತಿಯಿಂದ ಜೋಡಿಯ ಬೆಲೆ ಕಟ್ಟಲು ಆಗುವುದೇ ಇಲ್ಲ. 100 ಎಂದವನೇ 90 ಎಂದೂ ಹೇಳಿದ್ದರೆ? ಆಗ ಮೊತ್ತಗಳು 190 ಮತ್ತು 70. ಜೋಡಿಯಿಂದ ಹೆಚ್ಚೆಂದರೆ 190 ಬರುತ್ತದೆ, ಬಿಡಿ ಮಾರಾಟದಷ್ಟೇ. ಸರಾಸರಿಗಳು ಬದಲಾಗಿಲ್ಲ, ಪ್ರತಿ ವಸ್ತುವಿನ ಬೇಡಿಕೆಯೂ ಬದಲಾಗಿಲ್ಲ, ಆದರೂ 260 ಹೋಗಿ 190 ಆಯಿತು. ಯಾವ ಅಂಕಿ ಯಾವ ಅಂಕಿಯ ಜೊತೆ ಒಬ್ಬನೇ ಮನುಷ್ಯನಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಜೊತೆಗಾರಿಕೆಯ ಬಲ ಎಷ್ಟು ಎಂಬುದಕ್ಕೆ ಒಂದು ಅಚ್ಚುಕಟ್ಟಾದ ಲೆಕ್ಕವಿದೆ. ಬಹಳ ಗ್ರಾಹಕರಿದ್ದಾರೆ, ಪ್ರತಿ ವಸ್ತುವಿಗೂ ಅವರ ಒಪ್ಪುವ ಬೆಲೆ ಸೊನ್ನೆಯಿಂದ 100ರವರೆಗೆ ಸಮನಾಗಿ ಹರಡಿದೆ, ಅಸಲು ಇಲ್ಲ. ಬಿಡಿಯಾಗಿ ಎರಡಕ್ಕೂ ತಲಾ 50 ಇಡುವುದು ಉತ್ತಮ. ತಲಾ ಗ್ರಾಹಕನಿಗೆ ಸರಾಸರಿ ಆದಾಯ 50. ಜೋಡಿಯಲ್ಲಿ, ಎರಡೂ ಬೆಲೆಗಳು ಒಟ್ಟಿಗೆ ಏರಿಳಿಯುವಂತಿದ್ದರೆ ಅದೇ 50. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಜೋಡಿಗೆ ಸುಮಾರು 82 ಇಟ್ಟಾಗ 54.4. ಒಂದು ಏರಿದಷ್ಟೇ ಇನ್ನೊಂದು ಇಳಿಯುವಂತಿದ್ದರೆ ಪ್ರತಿಯೊಬ್ಬನ ಮೊತ್ತವೂ 100, ಆದಾಯವೂ 100. ಸಂಬಂಧವಿಲ್ಲದಿದ್ದರೂ ಜೋಡಿಯಿಂದ ಸ್ವಲ್ಪ ಲಾಭವಿದೆ. ಪೂರ್ತಿ ಎದುರುಬದುರಾದರೆ ಆದಾಯವೇ ಬಿಡಿ ಮಾರಾಟದ ಇಮ್ಮಡಿಯಾಗುತ್ತದೆ.

ಆದ್ದರಿಂದ ಸಮೀಕ್ಷೆ ಮಾಡುವಾಗ ಒಬ್ಬನೇ ಗ್ರಾಹಕನಿಂದ ಎರಡೂ ಬೆಲೆ ಕೇಳಿ ಒಂದೇ ಸಾಲಿನಲ್ಲಿ ಬರೆದುಕೊಳ್ಳಬೇಕು. ಮೂರನೆಯ ಕಾಲಂನಲ್ಲಿ ಜೋಡಿಗೆ ಎಷ್ಟು ಕೊಡುತ್ತೀರಿ ಎಂದು ನೇರವಾಗಿ ಕೇಳಿದ ಉತ್ತರ ಇರಲಿ, ಬರೀ ಕೂಡಿಸಿ ಹಾಕಬಾರದು. ಎರಡೂ ಒಂದೇ ಕೆಲಸ ಮಾಡುವ ವಸ್ತುಗಳಾದರೆ ಜೋಡಿಯ ಬೆಲೆ ಮೊತ್ತಕ್ಕಿಂತ ಕಡಿಮೆ ಇರುತ್ತದೆ, ಒಂದಕ್ಕೊಂದು ಒದಗುವಂಥವಾದರೆ ಹೆಚ್ಚು. ಆಮೇಲೆ ಮೂರನೆಯ ಕಾಲಂ ಅನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅಲ್ಲಿರುವ ಪ್ರತಿ ಅಂಕಿಯನ್ನೂ ಬೆಲೆಯಾಗಿ ಇಟ್ಟು ನೋಡಬೇಕು: ಬೆಲೆಯಲ್ಲಿ ಅಸಲು ಕಳೆದು, ಅಷ್ಟು ಅಥವಾ ಹೆಚ್ಚು ಕೊಡುವವರ ಸಂಖ್ಯೆಯಿಂದ ಗುಣಿಸಿದರೆ ಲಾಭ. ಬಿಡಿ ಕಾಲಂಗಳಿಗೂ ಅದನ್ನೇ ಮಾಡಿ ಹೋಲಿಸಿದರೆ ಉತ್ತರ ಸಿಕ್ಕಿತು. ನಡುವಿನ ಅಂಕಿಗಳನ್ನು ಪರೀಕ್ಷಿಸುವ ಅಗತ್ಯವಿಲ್ಲ, ಏಕೆಂದರೆ ಎರಡು ಒಪ್ಪುವ ಬೆಲೆಗಳ ನಡುವೆ ಬೆಲೆ ಏರಿಸಿದರೆ ಗ್ರಾಹಕರು ಕಳೆದುಹೋಗುವುದಿಲ್ಲ.

ಜೋಡಿಯನ್ನೂ ಇಟ್ಟು ಬಿಡಿಯನ್ನೂ ಇಡುವ ದಾರಿ ಇನ್ನೊಂದಿದೆ. ನಮ್ಮ ಇಬ್ಬರ ಜೊತೆ ಇನ್ನಿಬ್ಬರು ಬಂದರು ಎನ್ನಿ. ಒಬ್ಬ ಬರವಣಿಗೆಯದ್ದಕ್ಕೆ 115 ಕೊಡುತ್ತಾನೆ, ಲೆಕ್ಕದ್ದಕ್ಕೆ ಬರೀ 5. ಇನ್ನೊಬ್ಬ ಬರವಣಿಗೆಯದ್ದಕ್ಕೆ 5, ಲೆಕ್ಕದ್ದಕ್ಕೆ 110. ಅಸಲು ಇಲ್ಲದಾಗ ಬಿಡಿ ಮಾರಾಟದಿಂದ ಹೆಚ್ಚೆಂದರೆ 380. ಜೋಡಿಯೊಂದನ್ನೇ ಮಾರಿದರೆ, ನಾಲ್ವರನ್ನೂ ಹಿಡಿಯಲು 115ಕ್ಕೆ ಇಳಿಯಬೇಕು, 460. ಮೂರೂ ಬೆಲೆ ಒಟ್ಟಿಗೆ ಇಡಿ: ಜೋಡಿಗೆ 130, ಬರವಣಿಗೆಯದ್ದಕ್ಕೆ 115, ಲೆಕ್ಕದ್ದಕ್ಕೆ 110. ಮೊದಲಿನ ಇಬ್ಬರು ಜೋಡಿ ಒಯ್ಯುತ್ತಾರೆ, ಹೊಸಬರು ತಮಗೆ ಬೇಕಾದ ಒಂದನ್ನು ಒಯ್ಯುತ್ತಾರೆ. ಒಟ್ಟು 485. ಪ್ರತಿ ವಸ್ತುವಿಗೆ 20 ಅಸಲು ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ: ಬಿಡಿಯಲ್ಲಿ 300, ಜೋಡಿಯಲ್ಲಿ 300, ಮಿಶ್ರದಲ್ಲಿ 365. ಬರೀ 5 ಬಾಳುವ ವಸ್ತುವನ್ನು 20 ಖರ್ಚು ಮಾಡಿ ಯಾರ ಕೈಗೂ ತುರುಕುವುದು ಇಲ್ಲಿ ತಪ್ಪಿತು.

ಮಿಶ್ರ ಬೆಲೆಯಲ್ಲಿ ಎಡವುವ ಜಾಗ ಬಿಡಿ ಬೆಲೆ. ಬರವಣಿಗೆಯ ಸಾಫ್ಟ್‌ವೇರ್ ತನ್ನಷ್ಟಕ್ಕೆ ಚೆನ್ನಾಗಿ ಓಡಲಿ ಎಂದು ಅದನ್ನು 115ರಿಂದ 95ಕ್ಕೆ ಇಳಿಸಿದರೆ ಏನಾಗುತ್ತದೆ ನೋಡಿ. ಬರಹಗಾರ ಜೋಡಿಯ ಬೆಲೆಯನ್ನು 130 ಎಂದು ಓದುವುದಿಲ್ಲ, ‘ಇನ್ನಷ್ಟು ಕೊಟ್ಟರೆ ಎರಡನೆಯದೂ ಸಿಗುತ್ತದೆ’ ಎಂದು ಓದುತ್ತಾನೆ. ಮೊದಲು ಆ ‘ಇನ್ನಷ್ಟು’ 15 ಆಗಿತ್ತು, ಲೆಕ್ಕದ ಸಾಫ್ಟ್‌ವೇರ್ ಅವನಿಗೆ 30 ಬಾಳುತ್ತದೆ, ತೆಗೆದುಕೊಳ್ಳುತ್ತಿದ್ದ. ಈಗ ಅದು 35. ಜೋಡಿ ಬಿಟ್ಟು 95ಕ್ಕೆ ಒಂದನ್ನೇ ಒಯ್ಯುತ್ತಾನೆ. 115 ಕೊಡಲು ಸಿದ್ಧನಿದ್ದವನೂ 95ಕ್ಕೇ ಒಯ್ಯುತ್ತಾನೆ. ಅಸಲು ಇಲ್ಲದ ಲೆಕ್ಕದಲ್ಲಿ ಆದಾಯ 485ರಿಂದ 430ಕ್ಕೆ ಇಳಿಯುತ್ತದೆ, ಬಿಡಿಯನ್ನೇ ಇಡದೆ ಜೋಡಿಯೊಂದನ್ನೇ ಮಾರಿದ್ದರೆ ಸಿಗುತ್ತಿದ್ದ 460ಕ್ಕಿಂತಲೂ ಕೆಳಕ್ಕೆ.